‘ಕಳೆದುಹೋದ ಫೋನ್ ಸಿಕ್ಕಿದೆ’ ಎಂಬ ಸಂದೇಶ: ಲಾಗಿನ್ ಕೇಳುವುದು ಏಕೆ?

ಮೊಬೈಲ್ ಫೋನ್ ಕಳೆದುಕೊಂಡವರಿಗೆ ಕೆಲವು ದಿನಗಳ, ಕೆಲವೊಮ್ಮೆ ತಿಂಗಳುಗಳ ನಂತರ ಒಂದು ಸಂದೇಶ ಬರುವುದುಂಟು. ‘ನಿಮ್ಮ ಫೋನ್ ಪತ್ತೆಯಾಗಿದೆ. ಅದು ಇರುವ ಸ್ಥಳವನ್ನು ನೋಡಲು ಈ ಲಿಂಕ್ ಒತ್ತಿ ನಿಮ್ಮ ಖಾತೆಗೆ ಲಾಗಿನ್ ಆಗಿ’ ಎಂಬುದು ಅದರ ಸಾರಾಂಶ. ಫೋನಿನ ಮಾದರಿ, ಬಣ್ಣಗಳ ವಿವರವೂ ಅದರಲ್ಲಿ ಸರಿಯಾಗಿಯೇ ಇರಬಹುದು. ಆ ವಿವರ ಸರಿಯಿರುವುದು ಸಂದೇಶದ ಪ್ರಾಮಾಣಿಕತೆಗೆ ಸಾಕ್ಷಿಯಲ್ಲ. ಫೋನ್ ಕೈಯಲ್ಲಿರುವ ಯಾರಿಗಾದರೂ ಅದು ಕಾಣಿಸುತ್ತದೆ.

ಕದ್ದವರಿಗೆ ಪಾಸ್‌ವರ್ಡ್ ಏಕೆ ಬೇಕು?

ಐಫೋನಿನಲ್ಲಿ ‘ಫೈಂಡ್ ಮೈ’ ಸೌಲಭ್ಯ ಚಾಲನೆಯಲ್ಲಿದ್ದರೆ, ಫೋನ್ ಮಾಲೀಕರ ಆ್ಯಪಲ್ ಖಾತೆಗೆ ಬೀಗ ಹಾಕಿದಂತೆ ಬೆಸೆದುಕೊಂಡಿರುತ್ತದೆ. ಇದಕ್ಕೆ ‘ಆ್ಯಕ್ಟಿವೇಶನ್ ಲಾಕ್’ ಎನ್ನುತ್ತಾರೆ. ಫೋನಿನಲ್ಲಿರುವುದನ್ನೆಲ್ಲ ಅಳಿಸಿದರೂ ಈ ಬೀಗ ಹೋಗುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಬಲವಂತವಾಗಿ ರೀಸೆಟ್ ಮಾಡಿದ ನಂತರ ಹಿಂದಿನ ಗೂಗಲ್ ಖಾತೆ ಅಥವಾ ಪರದೆಯ ಪಿನ್ ಕೇಳುವ ವ್ಯವಸ್ಥೆ ಇದೆ. ಬೀಗ ತೆರೆಯದ ಫೋನನ್ನು ಬಿಡಿಭಾಗಗಳಾಗಿ ಮಾರಬೇಕಾಗುತ್ತದೆ; ತೆರೆದ ಫೋನಿಗೆ ಪೂರ್ಣ ಬೆಲೆ ದೊರೆಯುತ್ತದೆ. ಆದುದರಿಂದ ಕದ್ದವರಿಗೆ ಉಳಿಯುವ ಸುಲಭ ಮಾರ್ಗವೆಂದರೆ ಮಾಲೀಕರಿಂದಲೇ ಕೀಲಿಯನ್ನು ಪಡೆಯುವುದು.

ವಂಚನೆ ನಡೆಯುವ ಕ್ರಮ

ಸದಸ್ಯರೊಬ್ಬರು ಸಂತೆಯಲ್ಲಿ ಐಫೋನ್ ಕಳೆದುಕೊಂಡರೆಂದು ಭಾವಿಸೋಣ. ಅವರು ಬೇರೊಂದು ಸಾಧನದಿಂದ ‘ಲಾಸ್ಟ್ ಮೋಡ್’ ಚಾಲನೆಗೊಳಿಸಿ, ಸಿಕ್ಕವರು ಕರೆ ಮಾಡಲೆಂದು ಒಂದು ದೂರವಾಣಿ ಸಂಖ್ಯೆ ನೀಡುತ್ತಾರೆ. ಆ ಸಂಖ್ಯೆ ಫೋನಿನ ಪರದೆಯ ಮೇಲೆ ಕಾಣುವುದರಿಂದ ಕಳ್ಳನಿಗೂ ದೊರೆಯುತ್ತದೆ. ನಂತರ ಅದೇ ಸಂಖ್ಯೆಗೆ ಸಂದೇಶ ಬರುತ್ತದೆ. ಲಿಂಕ್ ಒತ್ತಿದಾಗ ತೆರೆಯುವ ಪುಟ ಕಂಪನಿಯ ಪುಟದಂತೆಯೇ ಕಾಣುತ್ತದೆ. ಪಾಸ್‌ವರ್ಡ್ ನಮೂದಿಸಿದೊಡನೆ ಅದು ವಂಚಕನಿಗೆ ತಲುಪುತ್ತದೆ. ಅವನು ಅದನ್ನು ನಿಜವಾದ ಪುಟದಲ್ಲಿ ಬಳಸುತ್ತಾನೆ. ಆಗ ಮಾಲೀಕರಿಗೆ ಆರು ಅಂಕಿಗಳ ದೃಢೀಕರಣ ಸಂಖ್ಯೆ ಬರುತ್ತದೆ. ನಕಲಿ ಪುಟವು ಅದನ್ನೂ ಕೇಳುತ್ತದೆ. ಅದನ್ನು ಕೊಟ್ಟರೆ ವಂಚಕನು ಖಾತೆಯಿಂದ ಫೋನನ್ನು ತೆಗೆದುಹಾಕುತ್ತಾನೆ, ಬೀಗ ತೆರೆದುಕೊಳ್ಳುತ್ತದೆ. ಖಾತೆಯಲ್ಲಿರುವ ಛಾಯಾಚಿತ್ರಗಳು ಮತ್ತು ಕಡತಗಳೂ ಅವನ ಕೈಸೇರಬಹುದು.

ಗುರುತಿಸುವ ಬಗೆ

ವೆಬ್ ವಿಳಾಸದಲ್ಲಿ `https://` ನಂತರ ಬರುವ ಮೊದಲ ಓರೆಗೆರೆಯವರೆಗಿನ ಭಾಗವನ್ನು ನೋಡಬೇಕು. ಅದರ ಕೊನೆಯ ತುಂಡೇ ಪುಟದ ನಿಜವಾದ ಒಡೆತನವನ್ನು ತಿಳಿಸುತ್ತದೆ.

```
https://www.icloud.com/find
https://icloud.com.phone-found.example/find
```

ಮೊದಲನೆಯದು `icloud.com` ಎಂದು ಮುಗಿಯುವುದರಿಂದ ಅಸಲಿ. ಎರಡನೆಯದರಲ್ಲಿ ಆ ಹೆಸರು ಆರಂಭದಲ್ಲಿದ್ದರೂ ಕೊನೆಯಲ್ಲಿರುವುದು ಬೇರೆ ಹೆಸರು. ಅದು ನಕಲಿಯ ಮಾದರಿ. ವಿಳಾಸ ಪರೀಕ್ಷಿಸಲು ಬಾರದವರು ಯಾವ ಲಿಂಕನ್ನೂ ಒತ್ತದೆ, ಅಸಲಿ ವಿಳಾಸವನ್ನು ತಾವೇ ಟೈಪ್ ಮಾಡಿ ನೋಡುವುದು ಸುರಕ್ಷಿತ.

ಫೋನ್ ನಿಜವಾಗಿ ದೊರೆಯುವ ಮಾರ್ಗ

ಫೋನ್ ಕಳೆದೊಡನೆ ಸಿಮ್ ಸ್ಥಗಿತಗೊಳಿಸಿ, ಅದೇ ಸಂಖ್ಯೆಯ ಬದಲಿ ಸಿಮ್ ಪಡೆಯಬೇಕು. ಪೊಲೀಸ್ ದೂರು ದಾಖಲಿಸಿ, ಕೇಂದ್ರ ದೂರಸಂಪರ್ಕ ಇಲಾಖೆಯ `ceir.gov.in` ಜಾಲತಾಣದಲ್ಲಿ ದೂರಿನ ಪ್ರತಿ ಮತ್ತು ಐಎಂಇಐ ಸಂಖ್ಯೆಯೊಂದಿಗೆ ಫೋನನ್ನು ತಡೆಹಿಡಿಯಲು ಕೋರಿಕೆ ಸಲ್ಲಿಸಬೇಕು. 15 ಅಂಕಿಗಳ ಈ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲಿರುತ್ತದೆ. ಫೋನ್ ಕೈಯಲ್ಲಿರುವಾಗಲೇ `*#06#` ಒತ್ತಿ ಬರೆದಿಟ್ಟುಕೊಳ್ಳಬಹುದು. ತಡೆಹಿಡಿದ ಫೋನಿಗೆ ಯಾರಾದರೂ ಸಿಮ್ ಹಾಕಿ ಬಳಸಲು ಯತ್ನಿಸಿದರೆ ಅದರ ಮಾಹಿತಿ ಪೊಲೀಸರಿಗೆ ತಲುಪುತ್ತದೆ. ಪತ್ತೆಯಾದ ಫೋನನ್ನು ಠಾಣೆಯಲ್ಲಿ ದಾಖಲೆ ತೋರಿಸಿ ಪಡೆಯಬೇಕು. ಅದಕ್ಕಾಗಿ ಯಾರೂ ಖಾತೆಯ ಪಾಸ್‌ವರ್ಡ್ ಕೇಳುವುದಿಲ್ಲ. ಫೋನ್ ಮರಳಿ ಬಂದ ಮೇಲೆ ಅದೇ ಜಾಲತಾಣದಲ್ಲಿ ತಡೆಯನ್ನು ತೆರವುಗೊಳಿಸಿಕೊಳ್ಳಬೇಕು.

ಈಗಾಗಲೇ ವಿವರ ಕೊಟ್ಟಿದ್ದರೆ

ಗ್ರಾಮಸ್ಥರು ಇಂತಹ ಸಂದೇಶ ಹಿಡಿದು ಸದಸ್ಯರ ಬಳಿಗೆ ಬಂದಾಗ, ಪಾಸ್‌ವರ್ಡ್ ಕೊಟ್ಟಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಕೊಟ್ಟಿದ್ದರೆ ನಂಬಿಕೆಯ ಬೇರೊಂದು ಸಾಧನದಿಂದ ಕೂಡಲೇ ಅದನ್ನು ಬದಲಾಯಿಸಿ, ಖಾತೆಯಲ್ಲಿ ಕಾಣುವ ಅಪರಿಚಿತ ಸಾಧನಗಳನ್ನು ತೆಗೆದುಹಾಕಬೇಕು. ಕಳೆದುಹೋದ ಐಫೋನನ್ನು ಮಾತ್ರ ಖಾತೆಯಿಂದ ತೆಗೆಯಬಾರದು. ತೆಗೆದರೆ ಬೀಗ ತಾನಾಗಿ ಕಳಚುತ್ತದೆ. ಹಣವೂ ಹೋಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಬಂದ ಸಂದೇಶವನ್ನು ಅಳಿಸದೆ, ಅದರ ಚಿತ್ರ ತೆಗೆದು ದೂರಿನೊಂದಿಗೆ ಸಲ್ಲಿಸತಕ್ಕದ್ದು.