ಇಳಿಜಾರು ಕಳೆದರೆ ಕೋನ ಸಿಗದು

ಗ್ರಾಫ್ ಹಾಳೆಯ ಮೂಲಬಿಂದುವಿನಿಂದ ಬಲಕ್ಕೆ ಕೆಲವು ಸರಳರೇಖೆಗಳನ್ನು ಎಳೆಯೋಣ. ಒಂದು ಮನೆ ಬಲಕ್ಕೆ ಸರಿದಾಗ ಒಂದಿಷ್ಟೂ ಏರದ ರೇಖೆಯ ಇಳಿಜಾರು 0. ಒಂದು ಮನೆ ಏರಿದರೆ 1, ಎರಡು ಮನೆ ಏರಿದರೆ 2. ಹೀಗೇ ಮುಂದುವರಿದರೆ 7, 8. ಅಕ್ಕಪಕ್ಕದ ಯಾವ ಜೋಡಿ ತೆಗೆದುಕೊಂಡರೂ ಇಳಿಜಾರುಗಳ ವ್ಯತ್ಯಾಸ 1 ಮಾತ್ರ. ಆದರೆ ಕೋನಮಾಪಕ ಇಟ್ಟು ನೋಡಿದರೆ ಮೊದಲ ಎರಡು ರೇಖೆಗಳ ನಡುವೆ 45 ಡಿಗ್ರಿ ಇದೆ, 1 ಮತ್ತು 2 ಇಳಿಜಾರಿನ ರೇಖೆಗಳ ನಡುವೆ ಸುಮಾರು 18.4 ಡಿಗ್ರಿ ಇದೆ. 7 ಮತ್ತು 8ರ ನಡುವೆ ಉಳಿಯುವುದು ಒಂದೇ ಒಂದು ಡಿಗ್ರಿ.

ಪ್ರಥಮ ಪಿಯುಸಿಯಲ್ಲಿ ಗಣಿತ ಓದಿದವರಿಗೆಲ್ಲ ಇದರ ಸೂತ್ರ ಪರಿಚಿತ:

tan θ = (m₂ − m₁) / (1 + m₁m₂)

ಮೇಲಿನ ಅಂಶವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಕೋನದ ಗುಟ್ಟೆಲ್ಲ ಇರುವುದು ಕೆಳಗಿನ ಛೇದದಲ್ಲಿ. ನಮ್ಮ ಮೂರು ಜೋಡಿಗಳಲ್ಲಿ ಛೇದ ಕ್ರಮವಾಗಿ 1, 3 ಮತ್ತು 57. ಅಂಶ ಮೂರರಲ್ಲೂ 1. ಆದ್ದರಿಂದ ಕೋನದ ಟ್ಯಾನ್ 1ರಿಂದ 1/3ಕ್ಕೆ, ಅಲ್ಲಿಂದ 1/57ಕ್ಕೆ ಕುಸಿಯುತ್ತದೆ.

ಇಳಿಜಾರು ಎಂದರೆ ರೇಖೆಯು x-ಅಕ್ಷದೊಂದಿಗೆ ಮಾಡುವ ಕೋನದ ಟ್ಯಾನ್. ಎರಡು ರೇಖೆಗಳ ನಡುವಿನ ಕೋನ ಆ ಎರಡು ಕೋನಗಳ ವ್ಯತ್ಯಾಸ. ಹಾಗಾಗಿ tan(A − B) ಸೂತ್ರದಲ್ಲಿ tan A ಇದ್ದಲ್ಲಿ m₂, tan B ಇದ್ದಲ್ಲಿ m₁ ಬರೆದರೆ ಕೆಲಸ ಮುಗಿಯಿತು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಈ ಸಾಧನೆ ಸರಿಯಾದದ್ದೇ, ಆದರೆ ಛೇದ ಅಲ್ಲಿ ಏನು ಮಾಡುತ್ತಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಮನೆ ಎಣಿಸಿಯೇ ನೋಡಬಹುದು.

1 ಮತ್ತು 2 ಇಳಿಜಾರಿನ ಜೋಡಿಯನ್ನೇ ತೆಗೆದುಕೊಳ್ಳಿ. x ಬೆಲೆ 1 ಇರುವಲ್ಲಿ ಕೆಳಗಿನ ರೇಖೆ (1, 1) ಬಿಂದುವಿನಲ್ಲಿದೆ, ಮೇಲಿನದು (1, 2)ರಲ್ಲಿದೆ. ನಡುವಿನ ಅಂತರ ಒಂದು ಮನೆ. ಆದರೆ ಅದು ನೆಟ್ಟಗೆ ಅಳೆದ ಅಂತರ, ಕೆಳಗಿನ ರೇಖೆಗೆ ಲಂಬವಾಗಿ ಅಳೆದದ್ದಲ್ಲ. ಕೋನ ಬೇಕಾದರೆ ಕೆಳಗಿನ ರೇಖೆಯನ್ನೇ ನೆಲವೆಂದು ಭಾವಿಸಿ, ಹಾಳೆಯನ್ನು ಹಾಗೆ ತಿರುಗಿಸಿ ಹಿಡಿದು, ಮೇಲಿನ ಬಿಂದುವಿನಿಂದ ಅದಕ್ಕೆ ಲಂಬ ಇಳಿಸಬೇಕು. (1, 2)ರಿಂದ ಇಳಿದ ಲಂಬ ಕೆಳಗಿನ ರೇಖೆಯನ್ನು (1.5, 1.5)ರಲ್ಲಿ ಮುಟ್ಟುತ್ತದೆ. ಈಗ ಏರಿಕೆ ಒಂದು ಮನೆಯ ಕರ್ಣದ ಅರ್ಧದಷ್ಟು, ನೆಲದ ಮೇಲೆ ಸರಿದ ದೂರ ಒಂದೂವರೆ ಕರ್ಣದಷ್ಟು. ಭಾಗಿಸಿದರೆ 1/3. ಏರಿಕೆ ಕುಗ್ಗಿತು, ಸರಿದ ದೂರ ಹಿಗ್ಗಿತು. ಈ ಎರಡೂ ಬದಲಾವಣೆಯ ಲೆಕ್ಕವನ್ನು ಒಟ್ಟಾಗಿ ಹೊತ್ತಿರುವುದೇ 1 + m₁m₂.

ಇಳಿಜಾರುಗಳು ತೀರಾ ಚಿಕ್ಕವಾಗಿದ್ದರೆ ಈ ತಿದ್ದುಪಡಿ ಲೆಕ್ಕಕ್ಕೇ ಬರುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಇಳಿಯುವ ಘಾಟಿಯ ರೈಲು ಹಳಿಯ ಇಳಿಜಾರು ಐವತ್ತಕ್ಕೆ ಒಂದು, ಅಂದರೆ 0.02. ಅಷ್ಟೇ ಕಡಿದಾದ ಏರೊಂದು ಅಷ್ಟೇ ಕಡಿದಾದ ಇಳಿಕೆಯನ್ನು ಕೂಡುತ್ತದೆ ಎಂದುಕೊಂಡರೂ ಛೇದ 0.9996. ನೇರವಾಗಿ ಕಳೆದರೆ 0.04, ಸೂತ್ರ ಹಾಕಿದರೆ 0.040016. ರಸ್ತೆ, ರೈಲು ಎಂಜಿನಿಯರುಗಳು ಏರು ಇಳಿವುಗಳು ಕೂಡುವಲ್ಲಿ ಇಳಿಜಾರುಗಳನ್ನು ಸುಮ್ಮನೆ ಕಳೆದು ಮುಂದೆ ಹೋಗುವುದು ಇದೇ ಧೈರ್ಯದಿಂದ. ಅದೇ ಅಭ್ಯಾಸವನ್ನು ಮನೆಯ ಮಾಡಿಗೋ ಮೆಟ್ಟಿಲಿಗೋ ತಂದರೆ ಉತ್ತರ ಕೆಡುತ್ತದೆ.

ಛೇದ ಸೊನ್ನೆಯಾದರೆ ರೇಖೆಗಳು ಪರಸ್ಪರ ಲಂಬ. ಇಳಿಜಾರುಗಳ ಗುಣಲಬ್ಧ −1 ಆಗಬೇಕೆಂಬ ನಿಯಮ ಬಂದದ್ದು ಇಲ್ಲಿಂದಲೇ. ಛೇದ ಋಣವಾದರೆ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. 3 ಮತ್ತು −2 ಇಳಿಜಾರಿನ ರೇಖೆಗಳಿಗೆ, −2 ಅನ್ನು m₁ ಎಂದಿಟ್ಟುಕೊಂಡರೆ, ಅಂಶ 5, ಛೇದ −5, ಭಾಗಲಬ್ಧ −1. ಇದು ತಪ್ಪಲ್ಲ, 135 ಡಿಗ್ರಿಯ ವಿಶಾಲಕೋನ. ಒಂದನ್ನೊಂದು ಕತ್ತರಿಸುವ ರೇಖೆಗಳು, ಲಂಬವಾಗಿರದಿದ್ದರೆ, ಎರಡು ಅಳತೆಯ ಕೋನಗಳನ್ನು ಮಾಡುತ್ತವೆ. ಲಘುಕೋನ 45 ಮಾತ್ರ ಬೇಕೆಂದಾಗ ಪಠ್ಯಪುಸ್ತಕ ಮಾಡ್ಯುಲಸ್ ಗೆರೆಗಳನ್ನು ಹಾಕುತ್ತದೆ. ಒಂದು ರೇಖೆ ನೆಟ್ಟಗೆ ನಿಂತಿದ್ದರೆ ಅದಕ್ಕೆ ಇಳಿಜಾರೇ ಇಲ್ಲ, ಸೂತ್ರ ಸಲ್ಲದು. ಆಗ ಇನ್ನೊಂದು ರೇಖೆ x-ಅಕ್ಷದೊಂದಿಗೆ ಮಾಡುವ ಕೋನವನ್ನು 90ರಿಂದ ಕಳೆದರೆ ಸಾಕು.

ಮಾಡ್ಯುಲಸ್ ಹಾಕಿದಾಗ ನಾವು ಕಳೆದುಕೊಳ್ಳುವುದೂ ಒಂದಿದೆ: ಯಾವ ರೇಖೆ ಮೇಲಿದೆ ಎಂಬ ಮಾಹಿತಿ. ಅದನ್ನು ಕಾಪಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ 1706ರಲ್ಲಿ ಇಂಗ್ಲೆಂಡಿನ ಜಾನ್ ಮೇಚಿನ್ ತೋರಿಸಿದ ಲೆಕ್ಕಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಅವನ ಮುಂದಿದ್ದ ಕಷ್ಟವನ್ನು ನೋಡಬೇಕು. ಟ್ಯಾನ್ ಗೊತ್ತಿದ್ದರೆ ಕೋನ ಕೊಡುವ ಅನಂತ ಶ್ರೇಣಿಯೊಂದಿದೆ: x − x³/3 + x⁵/5 − … ಯುರೋಪಿನಲ್ಲಿ ಗ್ರೆಗರಿ ಮತ್ತು ಲೈಬ್ನಿಟ್ಸ್ ಹೆಸರಿನಲ್ಲಿ ಹೇಳುವ ಇದನ್ನು ಕೇರಳದ ಸಂಗಮಗ್ರಾಮದ ಮಾಧವ ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಕಂಡುಕೊಂಡಿದ್ದ. ಅದರ ಸಾಧನೆ ಜ್ಯೇಷ್ಠದೇವನ ಮಲಯಾಳಂ ಕೃತಿ ಯುಕ್ತಿಭಾಷಾದಲ್ಲಿದೆ. x ಬೆಲೆ 1 ಆದರೆ 45 ಡಿಗ್ರಿ, ಅಂದರೆ π/4 ಸಿಗಬೇಕು. ಆದರೆ ಆಗ ಶ್ರೇಣಿ ಬಲು ನಿಧಾನ. ಸಾವಿರ ಪದ ಕೂಡಿಸಿದರೂ πಯ ಮೂರನೆಯ ದಶಮಾಂಶ ಸ್ಥಾನದಲ್ಲೇ ತಪ್ಪು ಉಳಿಯುತ್ತದೆ. x ಚಿಕ್ಕದಾದಷ್ಟೂ ಶ್ರೇಣಿ ಬೇಗ ನೆಲೆಗೆ ನಿಲ್ಲುತ್ತದೆ.

ಮೇಚಿನ್ 1/5 ಇಳಿಜಾರಿನ ರೇಖೆಯನ್ನು ಆರಿಸಿಕೊಂಡ. ಅದರ ಕೋನ 11.31 ಡಿಗ್ರಿಯ ಸುತ್ತಮುತ್ತ, ನಾಲ್ಕರಿಂದ ಗುಣಿಸಿದರೆ 45ರ ಹತ್ತಿರ ಬರುತ್ತದೆ. ಕೋನವನ್ನು ದ್ವಿಗುಣಗೊಳಿಸಲು ಕೂಡುವ ಸೂತ್ರ ಬೇಕು. ಅದು ನಮ್ಮ ಸೂತ್ರವೇ, ಚಿಹ್ನೆಗಳು ಮಾತ್ರ ಅದಲುಬದಲು. ಅಂಶ 2/5, ಛೇದ 24/25, ಭಾಗಿಸಿದರೆ ಇಳಿಜಾರು 5/12. ಮತ್ತೊಮ್ಮೆ ದ್ವಿಗುಣಗೊಳಿಸಿದರೆ 120/119. 45 ಡಿಗ್ರಿಯ ರೇಖೆಯ ಇಳಿಜಾರು 1, ನಮ್ಮದು ಅದಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ಎಷ್ಟು ಮೇಲೆ? ಈ ಎರಡು ರೇಖೆಗಳ ನಡುವಿನ ಕೋನವೇ ಉತ್ತರ. ಅಂಶ 120/119 − 1, ಅಂದರೆ 1/119. ಛೇದ 1 + 120/119, ಅಂದರೆ 239/119. ಭಾಗಿಸಿದರೆ 1/239, ಧನ ಚಿಹ್ನೆಯೊಂದಿಗೆ. ರೇಖೆ 45ಕ್ಕಿಂತ ಮೇಲಿರುವುದರಿಂದ ಆ ಪುಟ್ಟ ಕೋನವನ್ನು ಕಳೆಯಬೇಕು:

π/4 = 4 arctan(1/5) − arctan(1/239)

ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಪರೀಕ್ಷಿಸಬಹುದು. 1/5ಕ್ಕೆ ಶ್ರೇಣಿಯ ನಾಲ್ಕು ಪದ ಕೂಡಿಸಿ 16ರಿಂದ ಗುಣಿಸಿದರೆ 3.15832808. 1/239ಕ್ಕೆ ಎರಡೇ ಪದ ಸಾಕು, 4ರಿಂದ ಗುಣಿಸಿದರೆ 0.01673630. ಕಳೆದರೆ 3.14159178. ನಿಜವಾದ ಬೆಲೆ 3.14159265. ಒಟ್ಟು ಆರು ಪದಗಳಲ್ಲಿ ತಪ್ಪು ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಮಾಡ್ಯುಲಸ್ ನೆಚ್ಚಿಕೊಂಡು ದಿಕ್ಕು ಮರೆತು, ಕಳೆಯುವ ಬದಲು ಕೂಡಿದ್ದರೆ 3.175 ಬರುತ್ತಿತ್ತು.

ಮೇಚಿನ್ ಇದೇ ದಾರಿಯಲ್ಲಿ ನೂರು ದಶಮಾಂಶ ಸ್ಥಾನಗಳವರೆಗೆ ನಡೆದ. ಅವನ ಫಲಿತಾಂಶ ಅಚ್ಚಾದದ್ದು ವಿಲಿಯಂ ಜೋನ್ಸ್‌ನ ಪುಸ್ತಕದಲ್ಲಿ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು π ಎಂದು ಮೊದಲು ಬರೆದದ್ದೂ ಅದೇ ಪುಸ್ತಕ. 1949ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರ πಯನ್ನು 2037 ಸ್ಥಾನಗಳವರೆಗೆ ಲೆಕ್ಕ ಹಾಕಿದಾಗಲೂ ಅದಕ್ಕೆ ಕೊಟ್ಟದ್ದು ಮೇಚಿನ್ ಸೂತ್ರವನ್ನೇ.