ಪೈಸೆಯ ಮೆಟ್ಟಿಲು, ಲಾಟಿನ ಲೆಕ್ಕ

₹1,847.30ಕ್ಕೆ ಕೊಂಡ ಷೇರನ್ನು ಶೇ. 2ರಷ್ಟು ಲಾಭಕ್ಕೆ ಮಾರಬೇಕು ಎಂದುಕೊಳ್ಳಿ. ಪ್ರೋಗ್ರಾಂ ಗುಣಿಸಿ ₹1,884.246 ಎನ್ನುತ್ತದೆ. ಲೆಕ್ಕ ಸರಿ, ಆದರೆ ಆ ಬೆಲೆಗೆ ಆರ್ಡರ್ ಹಾಕಿದರೆ ತಿರಸ್ಕೃತವಾಗುತ್ತದೆ. ಷೇರಿನ ಬೆಲೆ ಎಷ್ಟೆಷ್ಟು ಪೈಸೆಯ ಮೆಟ್ಟಿಲಲ್ಲಿ ಏರಿಳಿಯಬೇಕು ಎಂಬುದನ್ನು ವಿನಿಮಯ ಕೇಂದ್ರವೇ ಗೊತ್ತುಮಾಡಿರುತ್ತದೆ. ಇದೇ ಟಿಕ್ ಸೈಜ್.

ಈ ಷೇರಿನ ಟಿಕ್ 10 ಪೈಸೆ ಎಂದಾದರೆ ಉಳಿಯುವುದು ಎರಡೇ ದಾರಿ: 1,884.20 ಅಥವಾ 1,884.30. ಹತ್ತಿರದ್ದು 1,884.20. ಆದರೆ ಅಲ್ಲಿ ಮಾರಿದರೆ ನೀವು ಬಯಸಿದ ಲಾಭಕ್ಕಿಂತ ಚೂರು ಕಡಿಮೆ ಬರುತ್ತದೆ. ಮಿತಿ ಮೀರಬಾರದು ಎಂದಿದ್ದರೆ, ಲಿಮಿಟ್ ಆರ್ಡರಿನಲ್ಲಿ ಮಾರುವ ಬೆಲೆಯನ್ನು ಮೇಲಿನ ಮೆಟ್ಟಿಲಿಗೆ, ಕೊಳ್ಳುವ ಬೆಲೆಯನ್ನು ಕೆಳಗಿನ ಮೆಟ್ಟಿಲಿಗೆ ಹೊಂದಿಸಬೇಕು.

ಹೀಗೆ ಹೊಂದಿಸುವಾಗ ಕಂಪ್ಯೂಟರಿನ ದಶಮಾಂಶವೇ ಕೈಕೊಡಬಹುದು. ಪೈಥಾನ್‌ನಲ್ಲಿ `0.3/0.1` ಎಂದು ಕೇಳಿ. ಉತ್ತರ 3 ಅಲ್ಲ, `2.9999999999999996`. ಭಿನ್ನಾಂಶ ಬಿಟ್ಟು ಪೂರ್ಣಾಂಕ ತೆಗೆದುಕೊಂಡರೆ 2 ಸಿಗುತ್ತದೆ. ಸರಿಯಾದ ಮೆಟ್ಟಿಲಲ್ಲೇ ಇದ್ದ 30 ಪೈಸೆ 20ಕ್ಕೆ ಜಾರುತ್ತದೆ. ಇಂಥ ಆರ್ಡರ್ ತಿರಸ್ಕೃತವಾಗುವುದಿಲ್ಲ, ತಪ್ಪು ಬೆಲೆಗೆ ಸಲೀಸಾಗಿ ಹೋಗಿಬಿಡುತ್ತದೆ. ಅದಕ್ಕೇ ಲೆಕ್ಕವನ್ನು `Decimal` ಬಗೆಯ ಸಂಖ್ಯೆಗಳಲ್ಲಿ ಮಾಡುವುದು ಕ್ಷೇಮ.

ಟಿಕ್ ಎಷ್ಟೆಂದು ಬೆಲೆ ನೋಡಿ ಊಹಿಸುವುದೂ ಸಲ್ಲದು. ಎನ್‌ಎಸ್‌ಇ 2025ರ ಏಪ್ರಿಲ್‌ನಲ್ಲಿ ಷೇರುಗಳಿಗೆ ಬೆಲೆಯ ಮಟ್ಟಕ್ಕೆ ತಕ್ಕ ಟಿಕ್ ತಂದಿತು: ₹250ಕ್ಕಿಂತ ಕೆಳಗಿನವಕ್ಕೆ 1 ಪೈಸೆ, ಅಲ್ಲಿಂದ ₹1,000ದವರೆಗೆ 5 ಪೈಸೆ, ಮುಂದೆ ₹5,000ದವರೆಗೆ 10 ಪೈಸೆ. ಆದರೆ ಈ ಮಟ್ಟ ನಿರ್ಧಾರವಾಗುವುದು ತಿಂಗಳ ಕೊನೆಯ ವಹಿವಾಟು ದಿನದ ಮುಕ್ತಾಯ ಬೆಲೆಯ ಮೇಲೆ. ₹1,050ರ ಷೇರು ತಿಂಗಳ ನಡುವೆ ₹980ಕ್ಕೆ ಕುಸಿದರೂ ಅದರ ಟಿಕ್ ಅಂದೇ ಬದಲಾಗುವುದಿಲ್ಲ.

ಪ್ರಮಾಣಕ್ಕೂ ಇಂಥದೇ ಕಟ್ಟಳೆಯಿದೆ. ಫ್ಯೂಚರ್ಸ್, ಆಪ್ಷನ್ಸ್‌ಗಳಲ್ಲಿ ಕೊಳ್ಳುವುದು ಇಡೀ ಲಾಟುಗಳಲ್ಲಿ ಮಾತ್ರ. ನಿಮ್ಮ ನಷ್ಟದ ಮಿತಿಗೆ 190 ಯೂನಿಟ್ ಹೊಂದುತ್ತದೆ, ಲಾಟ್ 75ರದು ಎಂದಿಟ್ಟುಕೊಳ್ಳಿ. ಎರಡು ಲಾಟಿಗೆ 150, ಮೂರಕ್ಕೆ 225. ಹತ್ತಿರದ ಲಾಟ್ ಬೇಕೆಂದು 225 ಕೊಂಡರೆ ಮಿತಿ ಮುರಿಯಿತು. ಆದ್ದರಿಂದ ಪ್ರಮಾಣವನ್ನು ಯಾವಾಗಲೂ ಕೆಳಕ್ಕೇ ಇಳಿಸಬೇಕು. ಲೆಕ್ಕದಲ್ಲಿ 60 ಬಂದರೆ ಲಾಟ್ ಸೊನ್ನೆ. ಆಗ ಪ್ರೋಗ್ರಾಂ ಆರ್ಡರನ್ನೇ ಹಾಕದೆ ಸುಮ್ಮನಿರಬೇಕು, ಒಂದಕ್ಕೆ ಏರಿಸಕೂಡದು.

ಲಾಟ್ ಕೂಡ ಶಾಶ್ವತವಲ್ಲ. 2024ರ ನವೆಂಬರ್ 20ರಿಂದ ನಿಫ್ಟಿಯ ಹೊಸ ಕಾಂಟ್ರಾಕ್ಟ್‌ಗಳ ಲಾಟ್ 25ರಿಂದ 75ಕ್ಕೇರಿತು. ಹಳೆಯವು ಕೆಲಕಾಲ 25ರಲ್ಲೇ ನಡೆದವು. ಪ್ರೋಗ್ರಾಂನಲ್ಲಿ 75 ಎಂದು ಬರೆದಿಟ್ಟವರಿಗೆ ಒಂದು ಕಾಂಟ್ರಾಕ್ಟ್ ಸರಿ, ಇನ್ನೊಂದು ತಪ್ಪು.

ಆದ್ದರಿಂದ ಈ ಎರಡು ಸಂಖ್ಯೆಗಳನ್ನು ಪ್ರೋಗ್ರಾಂನೊಳಗೆ ಬರೆದಿಡಬೇಡಿ. ಬ್ರೋಕರ್ ಕೊಡುವ ಪಟ್ಟಿಯಿಂದ ಪ್ರತಿ ಬೆಳಿಗ್ಗೆ, ಪ್ರತಿ ಕಾಂಟ್ರಾಕ್ಟಿಗೂ ಓದಿಕೊಳ್ಳಿ.