ಫೇಲಾದ ವಾರದಲ್ಲೇ ಹುಟ್ಟುಹಬ್ಬ ಬಂದರೆ

ಮೇ ತಿಂಗಳ ಸಿಎ ಇಂಟರ್‌ಮೀಡಿಯೆಟ್ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಜುಲೈನಲ್ಲಿ ಬರುತ್ತದೆ. ಜುಲೈನಲ್ಲೇ ಹುಟ್ಟಿದವರಿಗೆ ಇದೊಂದು ಇಕ್ಕಟ್ಟು. ಅಂಕಪಟ್ಟಿ ನೋಡಿದ ನೋವು ಆರುವ ಮೊದಲೇ ಫೋನಿನಲ್ಲಿ ಕೇಕು, ಬಲೂನುಗಳ ಶುಭಾಶಯ ಸುರಿಯತೊಡಗುತ್ತದೆ. ಇಕ್ಕಟ್ಟು ಗೆಳೆಯರಿಗೂ ಇದೆ. ಫಲಿತಾಂಶದ ಮಾತೆತ್ತಿದರೆ ಗಾಯ ಕೆದಕಿದಂತೆ, ಎತ್ತದಿದ್ದರೆ ನಾಟಕ ಆಡಿದಂತೆ. ಹಾಗಾಗಿ ಹಲವರು ಏನನ್ನೂ ಕಳಿಸದೆ ಸುಮ್ಮನಾಗುತ್ತಾರೆ. ಮೂರರಲ್ಲಿ ಹೆಚ್ಚು ನೋಯಿಸುವುದು ಈ ಮೌನವೇ. ಪ್ರತಿ ವರ್ಷ ತಪ್ಪದೆ ಬರುತ್ತಿದ್ದ ಶುಭಾಶಯ ಈ ವರ್ಷ ಬರಲಿಲ್ಲವೆಂದರೆ, ಅದಕ್ಕೆ ಕಾರಣ ಫೇಲಾದದ್ದೇ ಎಂದು ಅವರಿಗೆ ಅನ್ನಿಸದೆ ಇರದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಮೈಸೂರಿನ ಹುಡುಗಿಯೊಬ್ಬಳು ಇಂಟರ್‌ನ ಮೊದಲ ಗ್ರೂಪ್ ಮಾತ್ರ ಬರೆದಿದ್ದಾಳೆ. ಅಕೌಂಟ್ಸ್‌ನಲ್ಲಿ 62, ಲಾದಲ್ಲಿ 47, ಟ್ಯಾಕ್ಸ್‌ನಲ್ಲಿ 38, ಒಟ್ಟು 147. ಗ್ರೂಪ್ ಪಾಸಾಗಲು ಪ್ರತಿ ಪೇಪರಿನಲ್ಲಿ 40 ಬರಬೇಕು, ಮೂರೂ ಸೇರಿ 150 ಆಗಬೇಕು. ಅವಳಿಗೆ ಎರಡೂ ದಕ್ಕಲಿಲ್ಲ.

‘ಮೂರೇ ಮಾರ್ಕ್ಸ್ ಅಲ್ವಾ, ಒಂದೇ ಸಬ್ಜೆಕ್ಟ್ ಅಲ್ವಾ, ಬಿಡು’ ಎಂಬ ಸಮಾಧಾನ ಇಲ್ಲಿ ಎಡವುತ್ತದೆ. ಗ್ರೂಪ್ ಫೇಲಾದರೂ 60 ಅಥವಾ ಅದಕ್ಕಿಂತ ಹೆಚ್ಚು ಬಂದ ಪೇಪರಿಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ಸಿಗುತ್ತದೆ. ಆದ್ದರಿಂದ ಅಕೌಂಟ್ಸ್‌ನ 62 ಅವಳ ಕೈಯಲ್ಲಿ ಉಳಿಯಿತು. ಆದರೆ ಲಾದ 47 ಪಾಸಿನ ಅಂಕವಾಗಿದ್ದರೂ ಉಳಿಯುವುದಿಲ್ಲ; ಟ್ಯಾಕ್ಸ್ ಜೊತೆ ಅದನ್ನೂ ಮತ್ತೆ ಮೊದಲಿನಿಂದ ಓದಿ ಬರೆಯಬೇಕು. ಮೂರು ಅಂಕ ಕಮ್ಮಿಯಾದದ್ದಕ್ಕೆ ತೆತ್ತದ್ದು ಎರಡು ಪೇಪರು. ಈ ಲೆಕ್ಕ ಅವಳಿಗೆ ಬಾಯಿಪಾಠವಾಗಿರುತ್ತದೆ. ಅದನ್ನು ಅರಿಯದವರು ‘ಒಂದೇ’ ಎಂದಾಗ, ತನ್ನ ಕಷ್ಟ ಇವರಿಗೆ ತಿಳಿಯದು ಎಂದು ಅವಳು ಮಾತು ಮುಗಿಸುತ್ತಾಳೆ.

ದೊಡ್ಡವರ ಸೋಲಿನ ಕಥೆಗಳೂ ಆ ದಿನ ಕೆಲಸಕ್ಕೆ ಬಾರವು. ಅಬ್ದುಲ್ ಕಲಾಂ ಅವರಿಗೆ ವಾಯುಪಡೆಯ ಪೈಲಟ್ ಆಯ್ಕೆಯಲ್ಲಿ ಒಂದೇ ಸ್ಥಾನದಿಂದ ಅವಕಾಶ ತಪ್ಪಿದ್ದು ನಿಜ. ಆದರೆ ಮುಂದೆ ರಾಷ್ಟ್ರಪತಿಯಾದವರ ಸೋಲನ್ನು ಟ್ಯಾಕ್ಸ್ ಪೇಪರಿನ ಎದುರು ಹಿಡಿದರೆ ಗೆಳತಿಯ ದುಃಖ ಕಮ್ಮಿಯಾಗದು. ದುಃಖಪಟ್ಟಿದ್ದೇ ತಪ್ಪೇನೋ ಎನ್ನಿಸುತ್ತದೆ.

ಹಾಗಾದರೆ ಏನು ಬರೆಯಬೇಕು? ಶುಭಾಶಯ ಮೊದಲು ಬರಲಿ, ಯಾಕೆಂದರೆ ಅದು ಅವಳ ದಿನ. ಫಲಿತಾಂಶಕ್ಕೆ ಒಂದೇ ವಾಕ್ಯ, ನೇರವಾಗಿ. ಆಮೇಲೆ ಅವಳ ದುಡಿಮೆಯಲ್ಲಿ ಕಣ್ಣಾರೆ ಕಂಡದ್ದೊಂದು. ಕೊನೆಗೆ, ಬೇಡವೆನ್ನಲು ಸುಲಭವಾದ ಒಂದು ಕರೆ. ಇಷ್ಟನ್ನು ಹಿಡಿದು ಬರೆದರೆ ಹೀಗಿರಬಹುದು:

‘ಹ್ಯಾಪಿ ಬರ್ತ್‌ಡೇ ಕಣೇ. ರಿಸಲ್ಟ್ ವಿಷಯ ಗೊತ್ತಾಯ್ತು, ತುಂಬಾ ಬೇಜಾರಾಯ್ತು. ಬೆಳಿಗ್ಗೆ ಐದಕ್ಕೇ ಎದ್ದು ಓದ್ತಿದ್ದೆ, ನಾನೇ ನೋಡಿದೀನಿ. ಇವತ್ತು ಅದರ ಬಗ್ಗೆ ಮಾತಾಡ್ಬೇಕು ಅನ್ಸಿದ್ರೆ ಮಾತಾಡೋಣ, ಇಲ್ಲಾಂದ್ರೆ ಬೇಡ. ಸಂಜೆ ಆರಕ್ಕೆ ಬರ್ತೀನಿ, ಮಸಾಲೆ ದೋಸೆ ತಿಂದ್ಕೊಂಡು ಬರೋಣ. ಮನಸ್ಸಿಲ್ದಿದ್ರೆ “ಬೇಡ” ಅಂತ ಕಳ್ಸು, ಅಷ್ಟೇ ಸಾಕು.’

ಇದರಲ್ಲಿ ‘ಪರವಾಗಿಲ್ಲ’ ಎಂಬ ಮಾತಿಲ್ಲ, ‘ಮುಂದಿನ ಸಲ ಪಾಸ್ ಆಗೇ ಆಗ್ತೀಯ’ ಎಂಬ ಭರವಸೆಯೂ ಇಲ್ಲ. ಆ ಭರವಸೆ ಕೊಡುವುದು ಸಂದೇಶ ಬರೆದ ಗೆಳತಿಯ ಕೈಯಲ್ಲಿರುವ ಸಂಗತಿಯಲ್ಲ. ಸಂಜೆ ಆರಕ್ಕೆ ಬಾಗಿಲಿಗೆ ಬರುವುದು ಮಾತ್ರ ಅವಳ ಕೈಯಲ್ಲಿದೆ.

ಇದನ್ನು ಕಳಿಸಬೇಕಾದದ್ದು ಹುಟ್ಟುಹಬ್ಬದ ಹುಡುಗಿಯೊಬ್ಬಳಿಗೇ. ಸಿಎ ಫಲಿತಾಂಶ ನೋಡಲು ರೋಲ್ ನಂಬರ್ ಮತ್ತು ನೋಂದಣಿ ಸಂಖ್ಯೆ ಬೇಕು. ಹಾಗಾಗಿ ಅವಳು ಯಾರಿಗೆ ಹೇಳಿದ್ದಾಳೆ, ಯಾರಿಗಿಲ್ಲ ಎಂಬುದು ಉಳಿದವರಿಗೆ ತಿಳಿದಿರುವುದಿಲ್ಲ. ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಧೈರ್ಯವಾಗಿರು’ ಎಂದು ಬರೆದರೆ ಸುದ್ದಿ ಹಬ್ಬಿಸಿದಂತೆಯೇ ಆಯಿತು.

ಇನ್ನೊಂದು ಸೂಕ್ಷ್ಮವಿದೆ. ಸೆಪ್ಟೆಂಬರ್ ಪರೀಕ್ಷೆಗೆ ಅರ್ಜಿ ತುಂಬುವ ಅವಧಿಯೂ ಜುಲೈನಲ್ಲೇ ಬರುತ್ತದೆ, ಹೆಚ್ಚು ದಿನ ಇರುವುದಿಲ್ಲ. ಅದನ್ನು ನೆನಪಿಸಬೇಕಾದದ್ದೇ, ಆದರೆ ಹುಟ್ಟುಹಬ್ಬದ ಸಂದೇಶದಲ್ಲಿ ಅಲ್ಲ. ಒಂದೆರಡು ದಿನ ಬಿಟ್ಟು ಬೇರೆಯಾಗಿ ಕೇಳಬಹುದು: ‘ಫಾರ್ಮ್ ತುಂಬೋ ಯೋಚನೆ ಇದ್ಯಾ? ಇದ್ರೆ ಜೊತೆಗೆ ಕೂತು ತುಂಬೋಣ.’ ಈ ಸಲ ಬೇಡ, ಜನವರಿಗೆ ಬರೆಯುತ್ತೇನೆ ಎಂದರೆ ಅದೂ ಸರಿಯಾದ ನಿರ್ಧಾರವೇ ಇರಬಹುದು.

ಉತ್ತರ ಬಾರದಿದ್ದರೆ ಒತ್ತಾಯ ಬೇಡ. ಆದರೆ ‘ಇನ್ನು ಬದುಕಿ ಏನು’ ಎಂಬ ಧಾಟಿಯ ಉತ್ತರ ಬಂದರೆ ಸಂದೇಶಗಳನ್ನು ಅಲ್ಲಿಗೇ ಬಿಟ್ಟು ಕೂಡಲೇ ಫೋನ್ ಮಾಡಿ, ಮನೆಗೆ ಹೋಗಿ, ಅವಳನ್ನು ಒಬ್ಬಳೇ ಇರಲು ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.